ಮುದ್ದೆಯಿಂದ ಗಂಜಿಗೆ, ಗಂಜಿಯಿಂದ ನಳಿಕೆಗೆ

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ‘ಕರೆಂಟ್’ ಕೊಡಿಸಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಿಗೆ ಬರುವವರ ಮನೆಯೂಟ ಮುದ್ದೆ, ಸಾರು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ಚಿಕಿತ್ಸೆಗೆ ಮುಂಚೆ ಹಾಳಾದ ಹಲ್ಲು ಕೀಳಿಸಿಕೊಂಡವರಿಗೂ ಮೊದಲ ವಾರ ಅಷ್ಟೇನೂ ತೊಂದರೆಯಾಗದು. ವಾರಕ್ಕೆ ಐದು ದಿನದಂತೆ ಆರೂವರೆ, ಏಳು ವಾರ ನಡೆಯುವ ಈ ಚಿಕಿತ್ಸೆಯಲ್ಲಿ ಕಷ್ಟ ಶುರುವಾಗುವುದು ಎರಡನೆಯ ಅಥವಾ ಮೂರನೆಯ ವಾರದಲ್ಲಿ. ಬಾಯೊಳಗಿನ ತೆಳುಪೊರೆ ಕೆಂಪಾಗಿ, ಸುಲಿದು ಹುಣ್ಣಾಗುತ್ತದೆ. ವೈದ್ಯರು ಇದನ್ನು ಮ್ಯೂಕೋಸೈಟಿಸ್ ಎನ್ನುತ್ತಾರೆ. ಜೊಲ್ಲು ಕಡಿಮೆಯಾಗಿ ಅಂಟಂಟಾಗುತ್ತದೆ. ಜಾರಿ ಇಳಿಯಬೇಕಾದ ಮುದ್ದೆ ಗಂಟಲಲ್ಲೇ ಅಂಟಿ ನಿಲ್ಲುತ್ತದೆ.

ಈ ಹುಣ್ಣನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ 1979ರಲ್ಲಿ ಕೊಟ್ಟ ಮಾಪನ ಊಟವನ್ನೇ ಅಳತೆಗೋಲು ಮಾಡಿಕೊಂಡಿತು. ಗಟ್ಟಿ ಆಹಾರ ತಿನ್ನಬಲ್ಲವರು ಎರಡನೆಯ ದರ್ಜೆ, ದ್ರವ ಮಾತ್ರ ಕುಡಿಯಬಲ್ಲವರು ಮೂರನೆಯದು, ಬಾಯಿಂದ ಏನೂ ಇಳಿಯದವರು ನಾಲ್ಕನೆಯದು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು ಹೊಟ್ಟೆ ಕೊಯ್ದು ತೆರೆಯದೆ, ಎಂಡೋಸ್ಕೋಪ್ ನೆರವಿನಿಂದ ಮಗುವೊಂದರ ಜಠರಕ್ಕೆ ನಳಿಕೆ ಕೂರಿಸಿದರು. ಇದೇ ಇಂದಿನ ‘ಪೆಗ್’. ವಿಕಿರಣದ ಜೊತೆಗೇ ಕೀಮೋ ಕೊಡುವುದು ರೂಢಿಯಾದಂತೆ ಹುಣ್ಣು ಉಲ್ಬಣಿಸಿತು. ಹಸಿವು ಕಾಡುವ ಮುನ್ನವೇ ಪೆಗ್ ಹಾಕಿಬಿಡುವುದು ಪಶ್ಚಿಮದ ಹಲವು ಆಸ್ಪತ್ರೆಗಳ ಪದ್ಧತಿಯಾಯಿತು.

ಅನುಮಾನ ಹುಟ್ಟಿದ್ದು ಆಮೇಲೆ. ಪೆಗ್ ಇದ್ದವರ ತೂಕವೇನೋ ನಿಂತಿತು, ಆದರೆ ಅವರು ನಳಿಕೆಯನ್ನು ಹೆಚ್ಚು ಕಾಲ ಬಿಡಲಿಲ್ಲ. ಬಳಸದೆ ಬಿಟ್ಟ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಚಿಕಿತ್ಸೆಯುದ್ದಕ್ಕೂ ಬಾಯಿಂದ ತಿನ್ನುತ್ತ, ನುಂಗುವ ವ್ಯಾಯಾಮ ಮಾಡಿದವರು ಮುಂದೆ ಚೆನ್ನಾಗಿ ಉಣ್ಣುತ್ತಾರೆ ಎಂದು ಅಮೆರಿಕದ ಹ್ಯೂಸ್ಟನ್‌ನ ತಂಡವೊಂದು 2013ರಲ್ಲಿ ವರದಿ ಮಾಡಿತು. ಹೆಚ್ಚು ಕಾಯಿಲೆಯವರಿಗೇ ನಳಿಕೆ ಬೀಳುವುದರಿಂದ ಇಂಥ ಹೋಲಿಕೆಗಳನ್ನು ತುಸು ಎಚ್ಚರದಿಂದಲೇ ಓದಬೇಕು. ಅದಕ್ಕೂ ಮುಂಚೆ, 2005ರಲ್ಲಿ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ 75 ರೋಗಿಗಳ ಮೇಲೆ ನಡೆದ ಪ್ರಯೋಗ ಇನ್ನೊಂದು ವಿಷಯ ತೋರಿಸಿತ್ತು: ದಿನದ ಊಟವನ್ನೇ ತಿದ್ದಿ ಹೇಳಿಕೊಟ್ಟವರ ಆಹಾರ ಸೇವನೆ, ಬರೀ ಪ್ರೋಟೀನ್ ಪೇಯ ಕೊಟ್ಟು ಕಳಿಸಿದವರಿಗಿಂತ ತಿಂಗಳುಗಳ ನಂತರವೂ ಚೆನ್ನಾಗಿತ್ತು.

ದಿನದ ಊಟವನ್ನು ತಿದ್ದುವುದೆಂದರೆ ಈ ಸೀಮೆಯಲ್ಲಿ ಗಂಜಿಯನ್ನು ತಿದ್ದುವುದು. ಮಾಗಡಿ ಕಡೆಯ 50 ಕೆ.ಜಿ. ತೂಕದ ರೈತನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ, 60 ಗ್ರಾಂ ಪ್ರೋಟೀನ್ ಬೇಕು. ನುಂಗಲು ಸುಲಭವಾಗಲೆಂದು ಮನೆಯವರು ಲೋಟಕ್ಕೆ ಒಂದು ಚಮಚ, ಅಂದರೆ 10 ಗ್ರಾಂ, ರಾಗಿ ಹಿಟ್ಟು ಹಾಕಿ ನೀರುಗಂಜಿ ಕಾಯಿಸುತ್ತಾರೆ. ಅದರಲ್ಲಿರುವುದು ಬರೀ 32 ಕ್ಯಾಲೊರಿ. ಎಂಟು ಲೋಟ ಕುಡಿದರೂ 260 ದಾಟದು. ಹೊಟ್ಟೆ ತುಂಬಿದೆ ಎನ್ನುತ್ತಲೇ ಆತ ಸೊರಗುತ್ತಾನೆ. ಹಿಟ್ಟು ಹೆಚ್ಚಿಸಿದರೆ ಗಂಜಿ ಗಟ್ಟಿಯಾಗುತ್ತದೆ.

ಇದಕ್ಕೆ ಪರಿಹಾರ ಮೊಳಕೆಯಲ್ಲಿದೆ. ಮೊಳಕೆ ಬಂದ ರಾಗಿಯ ಅಮೈಲೇಸ್ ಕಿಣ್ವ ಪಿಷ್ಟವನ್ನು ತುಂಡರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಮಕ್ಕಳ ಆಹಾರಕ್ಕಾಗಿ ಇದನ್ನು ಅಧ್ಯಯನ ಮಾಡಿದ್ದರು. ಮೊಳಕೆ ರಾಗಿ ಹಿಟ್ಟು 30 ಗ್ರಾಂ, ಹಾಲು 100 ಮಿ.ಲೀ., ಹಾಲಿನ ಪುಡಿ 10 ಗ್ರಾಂ, ಬೆಲ್ಲ ಎರಡು ಚಿಕ್ಕ ಚಮಚ, ತುಪ್ಪ ಒಂದು ಚಿಕ್ಕ ಚಮಚ. ಇಷ್ಟಾದರೆ ಲೋಟವೊಂದಕ್ಕೆ ಹತ್ತಿರ ಹತ್ತಿರ 280 ಕ್ಯಾಲೊರಿ. ದಿನಕ್ಕೆ ಆರು ಲೋಟ, ಜೊತೆಗೊಂದು ಚೆನ್ನಾಗಿ ಬೆಂದ ಮೊಟ್ಟೆಯನ್ನು ಹಾಲಲ್ಲಿ ಅರೆದು ಕೊಟ್ಟರೆ ಲೆಕ್ಕ ತುಂಬುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬಿಟ್ಟು ಲೆಕ್ಕ ಹಾಕಬೇಕು.

ಈ ಕಡೆಯ ಉಪ್ಸಾರಂತೂ ರೋಗಿಗಾಗಿಯೇ ಹುಟ್ಟಿದಂತಿದೆ. ಖಾರವನ್ನು ಬೇರೆ ಅರೆದಿಡುವುದರಿಂದ ಅದನ್ನು ಬಿಟ್ಟು, ಬೆಂದ ಕಾಳು ಸೊಪ್ಪನ್ನು ರುಬ್ಬಿ, ಸೋಸಿ, ಉಗುರುಬೆಚ್ಚಗೆ ಕೊಡಬಹುದು. ಕುಡಿಯುವಾಗ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ತೆಳು ದ್ರವ ಶ್ವಾಸನಾಳಕ್ಕೆ ಹೋಗುತ್ತಿರಬಹುದು; ಆಗ ಎಷ್ಟು ಮಂದ ಬೇಕೆಂದು ನುಂಗುವಿಕೆಯ ತಜ್ಞರೇ ಹೇಳಬೇಕು. ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಮಾಪನದಲ್ಲಿ ಇದಕ್ಕೊಂದು ಸರಳ ಪರೀಕ್ಷೆಯಿದೆ. ನಿಗದಿತ 10 ಮಿ.ಲೀ. ಸಿರಿಂಜ್‌ನಲ್ಲಿ ಗಂಜಿ ತುಂಬಿ ಹತ್ತು ಸೆಕೆಂಡು ಹರಿಯಬಿಟ್ಟು, ಉಳಿದದ್ದನ್ನು ನೋಡಬೇಕು. 1ರಿಂದ 4 ಮಿ.ಲೀ. ಉಳಿದರೆ ಒಂದನೆಯ ಹಂತ, 4ರಿಂದ 8 ಉಳಿದರೆ ಎರಡನೆಯದು. ಆರಿದಷ್ಟೂ ರಾಗಿ ಗಟ್ಟಿಯಾಗುವುದರಿಂದ ಕುಡಿಸುವ ಬಿಸಿಯಲ್ಲೇ ಪರೀಕ್ಷಿಸಬೇಕು.

ಹುಣ್ಣನ್ನೇ ತಗ್ಗಿಸುವ ಯತ್ನವೂ ಕರ್ನಾಟಕದಲ್ಲಿ ನಡೆದಿದೆ. ಕಡಿಮೆ ಶಕ್ತಿಯ ಲೇಸರ್ ಬೆಳಕು ಹಾಯಿಸಿದಾಗ ತೀವ್ರ ಹುಣ್ಣು, ನೋವು ಕಡಿಮೆಯಾದವೆಂದು ಮಣಿಪಾಲದ ಸಂಶೋಧಕರು 221 ರೋಗಿಗಳ ಪ್ರಯೋಗದಿಂದ 2012ರಲ್ಲಿ ತೋರಿಸಿದರು.

ಹಾಗಾದರೆ ನಳಿಕೆ ಯಾವಾಗ? ಮೊದಲೇ ಸೊರಗಿದವರಿಗೆ, ನುಂಗಿದ್ದು ಶ್ವಾಸನಾಳಕ್ಕೆ ಹೋಗುವವರಿಗೆ ಚಿಕಿತ್ಸೆಗೆ ಮುಂಚೆಯೇ. ಉಳಿದವರಿಗೆ ಪ್ರತಿ ವಾರದ ತೂಕವೇ ದಾರಿ ತೋರುತ್ತದೆ. ಆ ರೈತ 50ರಿಂದ 49ಕ್ಕೆ ಒಂದೇ ವಾರದಲ್ಲಿ ಇಳಿದರೆ ಗಂಜಿ ಮತ್ತು ನೋವಿನ ಔಷಧಿ ಎರಡನ್ನೂ ಮರುಪರಿಶೀಲಿಸಬೇಕು. ಬೇಕಾದ್ದರಲ್ಲಿ ಶೇ 60ರಷ್ಟೂ ಒಂದೆರಡು ವಾರ ಇಳಿಯದು ಎನಿಸಿದರೆ ಕಾಯಬಾರದು. ನಾಲ್ಕು ವಾರದೊಳಗೆ ಸಾಕಾಗುವಂತಿದ್ದರೆ ಮೂಗಿನ ರೈಲ್ಸ್ ಟ್ಯೂಬ್, ಹೆಚ್ಚು ಕಾಲ ಬೇಕಾದರೆ ಪೆಗ್. ‘ಇನ್ನೊಂದು ವಾರ ನೋಡೋಣ’ ಎಂದು ತಳ್ಳಿದರೆ ಹುಣ್ಣಾದ ಗಂಟಲಲ್ಲೇ ನಳಿಕೆ ಇಳಿಸಬೇಕಾಗುತ್ತದೆ. ಅಷ್ಟರಲ್ಲಿ ಐದಾರು ದಿನ ಏನೂ ತಿನ್ನದಿದ್ದವರಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿಯುವ ಅಪಾಯವಿದೆ. ಕಡಿಮೆಯಿಂದ ಶುರುಮಾಡಿ ರಕ್ತಪರೀಕ್ಷೆ ನೋಡುತ್ತ ಏರಿಸಬೇಕು.

ನಳಿಕೆ ಬಂತೆಂದು ಬಾಯಿ ಮುಚ್ಚಬೇಕಿಲ್ಲ. ತಜ್ಞರು ಸುರಕ್ಷಿತ ಎಂದರೆ ದಿನವೂ ನಾಲ್ಕಾರು ಗುಟುಕು ನುಂಗಲೇಬೇಕು. ಕರೆಂಟ್ ಮುಗಿದ ಮೇಲೂ ಒಂದೆರಡು ವಾರ ಹುಣ್ಣು ಹಾಗೆಯೇ ಇರುತ್ತದೆ. ಆದರೆ ಊರಿಗೆ ಮರಳಿದವರು ತೂಕ ನೋಡುವುದನ್ನು ಬಿಡುವುದು ಆಗಲೇ. ಬಾಯಿಂದಲೇ ಉಂಡು ಎರಡು ವಾರ ತೂಕ ನಿಂತಿತೆಂದರೆ ನಳಿಕೆ ತೆಗೆಸುವ ಮಾತಾಡಬಹುದು.