ಮಲಯಾಳಂ ಅಲ್ಲದ ಮಲಯಾಳಂ

ಪುತ್ತೂರಿನ ಅತ್ತೆ ಒಂದು ಓಲೆಗರಿಯ ಫೋಟೋ ಕಳಿಸಿದ್ರು, ಅದೂ ಅರ್ಧ ಕತ್ತರಿಸಿದ್ದು. ತೋಟದ ಗಡಿ ವ್ಯಾಜ್ಯ ನಡೀತಿತ್ತು. ‘ಹಳೇ ಜಾಗದ ಪತ್ರ ಇರ್ಬೇಕು, ಮಲಯಾಳಂ ಬರುವವರ ಹತ್ರ ಓದಿಸು ಮಾರಾಯ.’

ಆಫೀಸಿನ ಮಲಯಾಳಿ ಗೆಳತಿ ದಿಟ್ಟಿಸಿ ನೋಡಿದಳು. ‘ನಮ್ಮ ಅಕ್ಷರದ ಹಾಗೇ ಇದೆ, ಆದ್ರೆ ಓದೋಕಾಗ್ತಿಲ್ಲ.’ ಆ ಮಾತೇ ಸುಳಿವು. ಕರಾವಳಿ, ಮಲೆನಾಡಿನ ತಿಗಳಾರಿ ಲಿಪಿಯೂ ಮಲಯಾಳಂ ಲಿಪಿಯೂ ಗ್ರಂಥ ಲಿಪಿಯ ಮಕ್ಕಳು, ನೋಡೋಕೆ ಅಕ್ಕತಂಗಿಯರು.

ಲಿಪಿ ಸಿಕ್ಕಿತು, ಭಾಷೆ ಸಿಗಲಿಲ್ಲ. ತಿಗಳಾರಿಯಲ್ಲಿ ಹೆಚ್ಚಾಗಿ ಬರೆದದ್ದು ಸಂಸ್ಕೃತ. ತುಳು, ಕನ್ನಡವೂ ಉಂಟು. ಫೋಟೋದ ಕೆಳಅಂಚಿನಲ್ಲಿ ಒತ್ತಕ್ಷರಗಳೇ ಕತ್ತರಿಸಿ ಹೋಗಿದ್ದವು. ಇಡೀ ಗರಿಯ ಫೋಟೋ ತರಿಸಿಕೊಂಡು, ತಿಗಳಾರಿ ಅಕ್ಷರಮಾಲೆ ಪಕ್ಕದಲ್ಲಿಟ್ಟು ಕೂತೆ. ಪದಗಳ ನಡುವೆ ಜಾಗವೇ ಇಲ್ಲ. ಮೊದಲು ಬಿಡಿಸಿದ್ದು ‘ನಮಃ’. ಅದನ್ನೊಂದೇ ನಂಬೋ ಹಾಗಿಲ್ಲ, ಕನ್ನಡದ ಪತ್ರವೂ ದೇವರಿಗೆ ಕೈಮುಗಿದೇ ಶುರುವಾಗಬಹುದು. ಆದರೆ ಆ ವಿಸರ್ಗದ ಎರಡು ಚುಕ್ಕಿ ಸಾಲುಸಾಲಿಗೂ, ಕೊನೆಯವರೆಗೂ ಬಂತು. ಕನ್ನಡ, ತುಳುವಿನಲ್ಲಿ ಇಷ್ಟು ವಿಸರ್ಗ ಎಲ್ಲಿಂದ ಬರಬೇಕು? ಸಂಸ್ಕೃತವೇ. ಪೂಜೆಯ ಮಂತ್ರ.

ಫೋನ್ ಮಾಡಿದೆ.

‘ಹಾಗಾದ್ರೆ ಗಡಿ ಎಲ್ಲೂ ಬರೆದಿಲ್ವಾ?’

‘ಇಲ್ಲ ಅತ್ತೆ.’