ಬೇಸ್ ಬೇಕು, ಬೇಸ್ ಬಾರಿಸೋನು ಬೇಡ!

(1/7)
ನಮ್ಮ ಚಳ್ಳಕೆರೆ ಕಡೆ ಗಣಪತಿ ಮೆರವಣಿಗೆ ಬಂದಾಗ ಡಿಜೆ ಗಾಡಿ ಮುಂದೆ ನಿಂತಿದ್ದೀರಿ ಅಲ್ವಾ? ‘ಬೇಸ್ ಜಾಸ್ತಿ ಮಾಡ್ರೋ’ ಅಂತ ಕೂಗದ ಹುಡುಗ ಇದಾನಾ? ಎದೆ ಗುದ್ದಬೇಕು, ಅಂಗಡಿ ಶಟರ್ ನಡುಗಬೇಕು, ಆಗಲೇ ಖುಷಿ. ಗೌರಸಮುದ್ರ ಮಾರಮ್ಮನ ಜಾತ್ರೆಗೆ ಹೋದವರಿಗೆ ಉರುಮೆ ಗೊತ್ತಿರುತ್ತೆ. ಅದರ ಒಂದು ಬದಿಗೆ ಕೋಲು ಉಜ್ಜಿದಾಗ ಏಳುವ ಆ ‘ಗುಂಯ್’ ಸದ್ದಿಲ್ಲದೆ ಕುಣಿತಕ್ಕೆ ಮೈ ಏಳೋದೇ ಇಲ್ಲ. ಅಂದ್ರೆ ತಗ್ಗು ಸದ್ದು ನಮಗೆ ಹೊಸದಲ್ಲ, ಕಡಿಮೆ ಇಷ್ಟವೂ ಅಲ್ಲ.

ಆದರೆ ಕಾಲೇಜ್ ಡೇಗೆ ಬ್ಯಾಂಡ್ ಕಟ್ಟೋಣ ಅಂದಾಗ ಏನಾಗುತ್ತೆ ನೋಡಿ. ಹಾಡೋಕೆ ಇಬ್ಬರು, ಗಿಟಾರಿಗೆ ಮೂವರು, ಡ್ರಮ್ಸ್‌ಗೆ ಜಗಳ. ಬೇಸ್ ಗಿಟಾರಿಗೆ? ಎಲ್ಲರೂ ನೆಲ ನೋಡ್ತಾರೆ. ಕೊನೆಗೆ ಗಿಟಾರ್ ಸರಿಯಾಗಿ ಬಾರದವನ ಕೈಗೆ ‘ನಾಲ್ಕೇ ತಂತಿ ಗುರು, ಸುಲಭ’ ಅಂತ ಕೊಡ್ತೀವಿ. ಸದ್ದಿಗೆ ಇಷ್ಟು ಬೇಡಿಕೆ ಇದ್ದೂ ಅದನ್ನ ಬಾರಿಸೋನಿಗೆ ಬೆಲೆ ಯಾಕಿಲ್ಲ? ಇದರ ಹಿಂದೆ ಒಂದು ಇತಿಹಾಸ ಇದೆ. ಅದರ ಎರಡು ದೃಶ್ಯ ನಡೆದಿದ್ದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲೇ. ಮುಂದೆ ಓದಿ 👇

(2/7)
ಮೊದಲು ವಾದ್ಯದ ಹುಟ್ಟು. 1951ಕ್ಕೂ ಮುಂಚೆ ಅಮೆರಿಕದ ಡಾನ್ಸ್ ಬ್ಯಾಂಡುಗಳಲ್ಲಿ ತಗ್ಗು ಸ್ವರಕ್ಕೆ ಇದ್ದದ್ದು ಡಬಲ್ ಬೇಸ್. ಆಳೆತ್ತರದ ಪಿಟೀಲು ಅಂದ್ಕೊಳ್ಳಿ. ಹೊತ್ತು ತಿರುಗೋದು ಕಷ್ಟ, ಮರದ ಹೊಟ್ಟೆಯ ಸದ್ದು ಡ್ರಮ್ಸ್ ನಡುವೆ ಮುಳುಗಿಹೋಗ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡಿ ಮೇಲೆ ಬಂದ ಲಿಯೋ ಫೆಂಡರ್ ಇದನ್ನ ಗಿಟಾರಿನ ಹಾಗೆ ಕೊರಳಿಗೆ ನೇತುಹಾಕೋ ವಾದ್ಯ ಮಾಡಿದ್ರು. ತಂತಿಯ ಉದ್ದ 34 ಇಂಚು, ತಂತಿ ನಾಲ್ಕು, ಸದ್ದು ಆಂಪ್ಲಿಫೈಯರ್‌ನಿಂದ. ಡಬಲ್ ಬೇಸ್‌ನಲ್ಲಿ ಇಲ್ಲದ ಫ್ರೆಟ್‌ಗಳು, ಅಂದ್ರೆ ಕೊರಳಿನ ಮೇಲಿನ ಲೋಹದ ಗೆರೆಗಳು, ಇದರಲ್ಲಿದ್ವು. ಹಾಗಾಗಿ ಸ್ವರ ಕರಾರುವಾಕ್ಕಾಗಿ ಬೀಳ್ತಿತ್ತು. ಅದಕ್ಕೇ ಹೆಸರು ‘ಪ್ರಿಸಿಷನ್ ಬೇಸ್’.

ಒಳ್ಳೆಯದೇ ಆಯ್ತು, ಆದರೆ ಇಲ್ಲೇ ಒಂದು ತಾಪತ್ರಯವೂ ಅಂಟಿಕೊಂಡಿತು. ಡಬಲ್ ಬೇಸ್ ನೋಡಿದವರು ಯಾರೂ ಅದನ್ನ ‘ಸುಲಭದ ಪಿಟೀಲು’ ಅನ್ನಲ್ಲ. ಇದು ನೋಡೋಕೆ ಗಿಟಾರಿನ ಹಾಗೇ ಇರೋದ್ರಿಂದ ‘ಎರಡು ತಂತಿ ಕಡಿಮೆ ಇರೋ ಗಿಟಾರ್’ ಆಗಿಬಿಡ್ತು. ಬೀಟಲ್ಸ್‌ನಲ್ಲೂ ಆದದ್ದು ಇದೇ ಕಥೆ: 1961ರಲ್ಲಿ ಅವರ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಬಿಟ್ಟುಹೋದಾಗ ಉಳಿದ ಮೂವರು ಗಿಟಾರಿಗರಲ್ಲಿ ಯಾರಿಗೂ ಆ ಜಾಗ ಬೇಡ. ಕೊನೆಗೆ ಪಾಲ್ ಮೆಕಾರ್ಟ್ನಿ ಹೊತ್ತುಕೊಂಡ್ರು. ಮುಂದೆ ಅವರು ಆ ನಾಲ್ಕು ತಂತಿಯಲ್ಲಿ ಏನು ಮಾಡಿದ್ರು ಅನ್ನೋದು ಬೇರೆ ವಿಷಯ. ಹುದ್ದೆ ಮಾತ್ರ ಉಳಿಕೆ ಹುದ್ದೆಯಾಗೇ ಸಿಕ್ಕಿದ್ದು.

(3/7)
ಈಗ ಕಿವಿ ವಿಚಾರ. ಇಲ್ಲಿ ಸ್ವಲ್ಪ ನಿಧಾನ ಓದಿ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ನಡುಗುತ್ತೆ, ಅಂದ್ರೆ 41 ಹರ್ಟ್ಜ್. ನಿಮ್ಮ ಫೋನ್ ಸ್ಪೀಕರ್ ಎಷ್ಟು ಚಿಕ್ಕದು ಅಂದ್ರೆ 200-300 ಹರ್ಟ್ಜ್‌ಗಿಂತ ಕೆಳಗೆ ಅದು ಹೆಚ್ಚುಕಡಿಮೆ ಮೂಕ. ಹಾಗಾದ್ರೆ ಫೋನಲ್ಲಿ ಬೇಸ್ ಕೇಳೋದೇ ಇಲ್ವಾ? ಪೂರ್ತಿ ಹಾಗಲ್ಲ. ಯಾವುದೇ ತಂತಿ 41ರ ಜೊತೆಗೆ 82, 123, 164, ಹೀಗೆ ಮೇಲಿನ ಮಡಿಗಳಲ್ಲೂ ನಡುಗುತ್ತೆ. ಫೋನು ಮೇಲಿನವನ್ನಷ್ಟೇ ಕೊಟ್ಟರೂ ನಿಮ್ಮ ಮಿದುಳು ‘ಓ, ಇವುಗಳ ತಳದಲ್ಲಿ 41 ಇರಬೇಕು’ ಅಂತ ತಾನೇ ಲೆಕ್ಕ ಹಾಕಿ ಆ ಸ್ವರವನ್ನ ತುಂಬಿಕೊಳ್ಳುತ್ತೆ. ತಮಾಷೆ ಏನಂದ್ರೆ, ಆ ಮೇಲಿನ ಮಡಿಗಳು ಇರೋದು ಗಿಟಾರು, ಹಾಡುಗಾರನ ದನಿ ಓಡಾಡೋ ಜಾಗದಲ್ಲೇ. ಹಾಗಾಗಿ ಬೇಸ್ ಮಾಡಿದ ಕೆಲಸದ ಸದ್ದು ನಿಮಗೆ ಗಿಟಾರಿನ ಸದ್ದಾಗಿ ಕೇಳುತ್ತೆ. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು.

ಇದರ ಮೇಲೆ ನಮ್ಮ ಕಿವಿಯೇ ತಗ್ಗು ಸ್ವರಕ್ಕೆ ಮಂದ. ಗಿಟಾರಿನಷ್ಟೇ ಜೋರಾಗಿ ಕೇಳಿಸಬೇಕು ಅಂದ್ರೆ ಬೇಸ್‌ಗೆ ಎಷ್ಟೋ ಪಟ್ಟು ಹೆಚ್ಚು ವ್ಯಾಟ್ ಬೇಕು, ದೊಡ್ಡ ಸ್ಪೀಕರ್ ಬೇಕು. ಡಿಜೆ ಗಾಡಿಗೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

(4/7)
ಸರಿ, ಆ ಮನುಷ್ಯ ನಿಜಕ್ಕೂ ಮಾಡೋದೇನು? ಮನೇಲಿ ಕೀಬೋರ್ಡ್ ಅಥವಾ ಫೋನಲ್ಲಿ ಪಿಯಾನೋ ಆಪ್ ಇದ್ರೆ ಈಗಲೇ ಮಾಡಿ ನೋಡಿ (ಈ ಸಲ ಇಯರ್‌ಫೋನ್ ಹಾಕ್ಕೊಳ್ಳಿ).

ಬಲಗೈಯಲ್ಲಿ ಸಿ, ಇ, ಜಿ ಒಟ್ಟಿಗೆ ಒತ್ತಿ ಹಿಡೀರಿ. ಸಿ ಅನ್ನು ಷಡ್ಜ ಅಂದ್ಕೊಂಡ್ರೆ ಇದು ಸ-ಗ-ಪ. ಎಡಗೈಯಲ್ಲಿ ಕೆಳಗಿನ ಸಿ ಬಾರಿಸಿ. ಬೆಳಗಿನ ಬಿಸಿಲು ಬಿದ್ದ ಹಾಗೆ ನೆಮ್ಮದಿ. ಈಗ ಬಲಗೈ ಅಲ್ಲಾಡಿಸಬೇಡಿ. ಎಡಗೈ ಮಾತ್ರ ಸಿ ಬಿಟ್ಟು ಅದಕ್ಕೂ ಕೆಳಗಿನ ಎ, ಅಂದ್ರೆ ತಗ್ಗಿನ ‘ದ’ ಬಾರಿಸಲಿ. ಏನಾಯ್ತು? ಮೂಡೇ ಬದಲಾಯ್ತು, ಹಾಡಿಗೆ ಮೋಡ ಕವಿದ ಹಾಗೆ. ಮೇಲಿನ ಮೂರು ಸ್ವರ ಅವೇ, ಒಂದು ಕೂದಲಷ್ಟೂ ಬದಲಾಗಿಲ್ಲ. ಗಿಟಾರಿನವನು ಏನು ಬಾರಿಸ್ತಿದ್ದಾನೆ ಅನ್ನೋದರ ಅರ್ಥವನ್ನ ತೀರ್ಮಾನಿಸೋದು ಬೇಸ್. ಆದರೂ ನಿಮ್ಮ ಕಣ್ಣು ಇರೋದು ಬಲಗೈ ಮೇಲೆ!

ಮೊಳಕಾಲ್ಮೂರಿನ ಫ್ರೆಂಡ್ಸ್‌ಗೆ ಇದನ್ನ ಹೇಳೋದು ಸುಲಭ. ಮದುವೆ ಮನೇಲಿ ಎಲ್ಲರೂ ಸೀರೆಯ ಅಂಚು ಸೆರಗು ಹೊಗಳ್ತಾರೆ, ಹಾಸಿನ ಎಳೆ ಹೊಗಳಿದವರನ್ನ ನಾನಂತೂ ನೋಡಿಲ್ಲ.

(5/7)
ದೃಶ್ಯ ಒಂದು: 2007ರ ಮಾರ್ಚ್ 17, ಬೆಂಗಳೂರು ಅರಮನೆ ಮೈದಾನ. ಐರನ್ ಮೇಡನ್ ಮೊದಲ ಸಲ ಇಂಡಿಯಾಗೆ ಬಂದಿದ್ರು. ಆ ಬ್ಯಾಂಡಿನ ಯಜಮಾನ ಯಾರು ಗೊತ್ತಾ? ಹಾಡುಗಾರನಲ್ಲ, ಗಿಟಾರಿಗನಲ್ಲ. 1975ರಲ್ಲಿ ಅದನ್ನ ಕಟ್ಟಿದ ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಹಾಡುಗಳಲ್ಲಿ ಬಹುಪಾಲು ಬರೆದದ್ದೂ ಅವರೇ.

ಅವರ ಬೇಸ್ ಫೋನಲ್ಲೂ ಕೇಳುತ್ತೆ, ಗಮನಿಸಿ. ಅವರು ಪಿಕ್ ಹಿಡಿಯಲ್ಲ, ಬೆರಳಲ್ಲೇ ತಂತಿಯನ್ನ ಜೋರಾಗಿ ಹೊಡೀತಾರೆ. ತಂತಿ ಫ್ರೆಟ್‌ಗೆ ಬಡಿದು ‘ಕ್ಲ್ಯಾಂಕ್’ ಅನ್ನುತ್ತೆ. ಆ ಲೋಹದ ಸದ್ದು ತಗ್ಗಿನಲ್ಲಿಲ್ಲ, ಮೇಲಿದೆ. ಹಾಗಾಗಿ ಚಿಕ್ಕ ಸ್ಪೀಕರೂ ಅದನ್ನ ನುಂಗಲಾರದು. ಜೊತೆಗೆ ಅವರ ಹೆಸರುವಾಸಿ ಕುದುರೆ ಓಟದ ನಡೆ: ‘ತಾ-ತಕ, ತಾ-ತಕ’. ಒಂದು ಬೀಟಿಗೆ ಮೂರು ಹೊಡೆತ. ನಿಮಿಷಕ್ಕೆ 150 ಬೀಟಿನ ಹಾಡಾದ್ರೆ ನಿಮಿಷಕ್ಕೆ 450 ಹೊಡೆತ, ಬರೀ ಬೆರಳಲ್ಲಿ. ‘ಸುಲಭ ಗುರು’ ಅನ್ನೋರು ಟೇಬಲ್ ಮೇಲೆ ಒಂದು ನಿಮಿಷ ಬಡಿದು ನೋಡಿ.

(6/7)
ದೃಶ್ಯ ಎರಡು: ಅದೇ ಮೈದಾನ, 2011ರ ಅಕ್ಟೋಬರ್ 30. ಮೆಟಾಲಿಕಾ. ಇವರ ಕಥೆ ಪೂರ್ತಿ ಉಲ್ಟಾ, ಮತ್ತು ನನಗೆ ಈ ಇಡೀ ಸರಣಿ ಬರೆಯೋಕೆ ಕಾರಣ ಇದೇ.

1986ರ ಸೆಪ್ಟೆಂಬರಲ್ಲಿ ಸ್ವೀಡನ್‌ನಲ್ಲಿ ಇವರ ಬಸ್ ಮಗುಚಿ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ್ರು. ವಯಸ್ಸು 24. ಅದೇ ವರ್ಷ ಆ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ್ರು. ಸತ್ತ ಗೆಳೆಯನ ಜಾಗಕ್ಕೆ ಬಂದ ಹೊಸಬನನ್ನ ಉಳಿದವರು ಚೆನ್ನಾಗೇ ಗೋಳು ಹೊಯ್ಕೊಂಡ್ರು. 1988ರಲ್ಲಿ ‘...ಆಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ ಬಂತು, ಲಕ್ಷಗಟ್ಟಲೆ ಮಾರಾಟ ಆಯ್ತು. ಅದರಲ್ಲಿ ಬೇಸ್ ಕೇಳೋದೇ ಇಲ್ಲ! ಫೋನಲ್ಲಲ್ಲ, ಒಳ್ಳೆ ಹೆಡ್‌ಫೋನಲ್ಲೂ ಹುಡುಕಬೇಕು.

ಆದದ್ದು ಹೇಗೆ? ಎರಡು ಕಾರಣ ಕೂಡಿಕೊಂಡ್ವು. ನ್ಯೂಸ್ಟೆಡ್ ಹೆಚ್ಚಿನ ಕಡೆ ಗಿಟಾರಿನ ರಿಫ್ ಅನ್ನೇ ಹೆಜ್ಜೆಗೆ ಹೆಜ್ಜೆ ಅನುಸರಿಸಿ ಬಾರಿಸಿದ್ರು. ಆ ಗಿಟಾರುಗಳೋ, ನಡುವಿನ ಸದ್ದು ಕೆತ್ತಿ ತೆಗೆದು ತಳ ಉಬ್ಬಿಸಿದವು, ಅಂದ್ರೆ ಬೇಸ್ ಕೂರೋ ಜಾಗದಲ್ಲಿ ಮೊದಲೇ ಕೂತಿದ್ವು. ಇಷ್ಟೇ ಆಗಿದ್ರೆ ಮಿಕ್ಸಿಂಗ್‌ನಲ್ಲಿ ಸರಿಮಾಡಬಹುದಿತ್ತು. ಆದರೆ ಬೇಸ್ ಅನ್ನು ಇಳಿಸಿ, ಇನ್ನೂ ಇಳಿಸಿ ಅಂತ ಬ್ಯಾಂಡಿನ ಕಡೆಯಿಂದಲೇ ಹೇಳಿಕೆ ಬಂತು ಅಂತ ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ಆಮೇಲೆ ಹೇಳಿದ್ದಾರೆ.

ನೀವೇ ಪರೀಕ್ಷೆ ಮಾಡಿ. ಇಯರ್‌ಫೋನ್ ಹಾಕಿ ಆ ಆಲ್ಬಮ್ಮಿನ ‘ಬ್ಲ್ಯಾಕೆಂಡ್’ ಕೇಳಿ. ಆಮೇಲೆ 1991ರ ಆಲ್ಬಮ್ಮಿನ ‘ಎಂಟರ್ ಸ್ಯಾಂಡ್‌ಮನ್’ ಕೇಳಿ. ಬ್ಯಾಂಡ್ ಅದೇ, ಬೇಸ್ ಬಾರಿಸಿದವನೂ ಅದೇ ನ್ಯೂಸ್ಟೆಡ್, ನಿರ್ಮಾಪಕ ಮಾತ್ರ ಹೊಸಬ, ಬಾಬ್ ರಾಕ್. ಮೊದಲನೆಯದು ಒಣ ಸೌದೆ ಸೀಳಿದ ಹಾಗೆ, ಚುರುಕು, ಆದರೆ ಹೊಟ್ಟೆ ಖಾಲಿ. ಎರಡನೆಯದರಲ್ಲಿ ನೆಲ ಇದೆ. ಬೇಸ್ ಇದ್ದಾಗ ಗೊತ್ತಾಗಲ್ಲ, ಇಲ್ಲದಾಗ ‘ಏನೋ ಕಮ್ಮಿ’ ಅನ್ಸುತ್ತೆ, ಏನು ಅಂತ ಹೇಳೋಕೆ ಬರಲ್ಲ.

ನ್ಯೂಸ್ಟೆಡ್ 2001ರಲ್ಲಿ ಬ್ಯಾಂಡ್ ಬಿಟ್ರು. ಬೆಂಗಳೂರಿಗೆ ಬಂದಿದ್ದು ರಾಬರ್ಟ್ ಟ್ರುಜಿಲೋ. ಅಭಿಮಾನಿಗಳು ಬೇಸ್ ಏರಿಸಿದ ತಮ್ಮದೇ ಆವೃತ್ತಿಗಳನ್ನ ಮಾಡಿ ಇಂಟರ್ನೆಟ್‌ಗೆ ಹಾಕಿದ್ರು. 2018ರಲ್ಲಿ ಆಲ್ಬಮ್ ರೀಮಾಸ್ಟರ್ ಆಗಿ ಮತ್ತೆ ಬಂತು, ಮಿಕ್ಸ್ ಮಾತ್ರ ಮುಟ್ಟಲಿಲ್ಲ. ಬೇಸ್ ಇನ್ನೂ ಅಲ್ಲೇ ಅಡಗಿದೆ.

(7/7)
ನಮ್ಮ ಕಡೆಗೆ ಬರೋಣ. ರಘು ದೀಕ್ಷಿತ್ ಗೊತ್ತು. 2008ರ ಮೊದಲ ಆಲ್ಬಮ್ಮಿನ ಕಾಲದಲ್ಲಿ ಅವರ ಪ್ರಾಜೆಕ್ಟ್‌ನಲ್ಲಿ ಬೇಸ್ ಬಾರಿಸ್ತಿದ್ದವರು ಯಾರು? ಗೌರವ್ ವಾಜ್. ಬ್ಯಾಂಡಿನ ಮ್ಯಾನೇಜರ್ ಕೆಲಸವನ್ನೂ ಅವರೇ ನೋಡ್ಕೊಳ್ತಿದ್ರು. ವಾಸು ದೀಕ್ಷಿತ್ ಹಾಡಿದ ‘ಸ್ವರಾತ್ಮ’ದಲ್ಲಿ? ಜಿಷ್ಣು ದಾಸ್‌ಗುಪ್ತ. ಈ ಎರಡು ಹೆಸರು ಮೊದಲೇ ಗೊತ್ತಿದ್ದವರು ಕಾಮೆಂಟಲ್ಲಿ ಕೈ ಎತ್ತಿ, ಎಷ್ಟು ಜನ ಅಂತ ನೋಡೋಣ.

ನಮ್ಮ ಊರುಗಳ ಆರ್ಕೆಸ್ಟ್ರಾಗಳಲ್ಲಿ ಬಜೆಟ್ ಕಮ್ಮಿಯಾದ್ರೆ ಬಹಳ ಕಡೆ ಮೊದಲು ಬಿಟ್ಟುಹೋಗೋದು ಬೇಸ್ ಗಿಟಾರಿನವನೇ. ‘ಕೀಬೋರ್ಡಿನವನ ಎಡಗೈ ಇದೆಯಲ್ಲ’ ಅಂತಾರೆ. ಎಡಗೈ ಸ್ವರ ಕೊಡುತ್ತೆ, ನಿಜ. ಆದರೆ ಬೇಸ್ ವಾದಕನ ಅರ್ಧ ಕೆಲಸ ಸ್ವರವನ್ನ ನಿಲ್ಲಿಸೋದ್ರಲ್ಲಿದೆ. ಡ್ರಮ್ಸಿನ ಕಿಕ್ ಬಿದ್ದ ಕ್ಷಣಕ್ಕೆ ಶುರುವಾಗಿ, ಮುಂದಿನ ಪೆಟ್ಟಿಗೆ ಮೊದಲು ಅಂಗೈಯಿಂದ ತಂತಿ ಮುಚ್ಚಿ ಜಾಗ ಬಿಡಬೇಕು. ಬಲಗೈ ರಾಗದಲ್ಲಿ ಮುಳುಗಿದ ಕೀಬೋರ್ಡಿನವನ ಎಡಗೈ ಸ್ವರವನ್ನ ಎಳ್ಕೊಂಡೇ ಇರುತ್ತೆ, ಕಿಕ್ಕಿನ ಮೇಲೆ ಸ್ವರ ಹರಡಿ ಎಲ್ಲ ಕೆಸರಾಗುತ್ತೆ. ಆಗ ಸೌಂಡ್‌ನವರು ಬೇಸ್ ಏರಿಸ್ತಾರೆ, ಕೆಸರು ಇನ್ನೂ ಜಾಸ್ತಿ.

ಕಾಲೇಜ್ ಡೇಗೆ ಬೇಸ್ ಹಿಡಿಯೋ ಹುಡುಗ ಅಥವಾ ಹುಡುಗಿ ಸಿಕ್ಕಿದ್ರೆ ಸೌಂಡ್ ಚೆಕ್‌ನಲ್ಲಿ ಒಂದು ಕೆಲಸ ಮಾಡಿ. ಮೊದಲು ಕಿಕ್ ಮತ್ತು ಬೇಸ್ ಎರಡನ್ನೇ ಕೇಳಿಸಿಕೊಳ್ಳಿ. ಎರಡೂ ಒಂದೇ ಪೆಟ್ಟಿನ ಹಾಗೆ ಬಿದ್ದ ಮೇಲೆ ಗಿಟಾರ್ ಸೇರಿಸಿ, ಗಿಟಾರಿನ ಆಂಪಿನಲ್ಲಿ ತಳದ ಗುಂಡಿಯನ್ನ ಸ್ವಲ್ಪ ಇಳಿಸಿ. ಗಿಟಾರಿಗ ಮುಖ ಸಿಂಡರಿಸ್ತಾನೆ, ಒಬ್ಬನೇ ಬಾರಿಸಿದಾಗ ಅವನ ಸದ್ದು ತೆಳ್ಳಗೆ ಕೇಳುತ್ತೆ. ಸ್ಟೇಜ್ ಇಳಿದು ಹತ್ತು ಹೆಜ್ಜೆ ದೂರ ನಿಂತು ಇಡೀ ಬ್ಯಾಂಡ್ ಕೇಳಿಸಿಕೋ ಅಂತ ಅವನನ್ನೇ ಕಳಿಸಿ.

#ಬೇಸ್‌ಗಿಟಾರ್ #ಚಳ್ಳಕೆರೆ #ಮೊಳಕಾಲ್ಮೂರು #ಕನ್ನಡದಲ್ಲಿರಾಕ್