ಗ್ಯಾಲ್ವಾನಿಕ್ ಕೋಶ: ನಡುವಿನ ಸೇತುವೆಯ ಕಥೆ

ಸತುವಿನ ತಗಡನ್ನು ಮೈಲುತುತ್ತದ ದ್ರಾವಣದಲ್ಲಿ ಅದ್ದಿದರೆ ಸತು ಕರಗುತ್ತದೆ, ತಗಡಿನ ಮೇಲೆ ತಾಮ್ರ ಕಂದುಗಪ್ಪಾಗಿ ಕೂರುತ್ತದೆ, ದ್ರಾವಣ ಬಿಸಿಯಾಗುತ್ತದೆ. ಸತುವಿನ ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು ಎದುರಿಗೆ ಸಿಕ್ಕ ತಾಮ್ರದ ಅಯಾನಿಗೆ ನೇರವಾಗಿ ಕೊಟ್ಟುಬಿಡುವುದರಿಂದ ಇಲ್ಲಿ ಶಾಖ ಹುಟ್ಟುತ್ತದೆಯೇ ಹೊರತು ವಿದ್ಯುತ್ ಪ್ರವಾಹ ಸಿಗುವುದಿಲ್ಲ. ಕೊಡುವ ಜಾಗ ಮತ್ತು ಪಡೆಯುವ ಜಾಗಗಳನ್ನು ಬೇರ್ಪಡಿಸಿ, ಎಲೆಕ್ಟ್ರಾನುಗಳು ಹೊರಗಿನ ತಂತಿಯನ್ನು ಸುತ್ತಿಯೇ ಹೋಗುವಂತೆ ಮಾಡುವ ಏರ್ಪಾಡೇ ಗ್ಯಾಲ್ವಾನಿಕ್ ಕೋಶ. ಅದರ ಇತಿಹಾಸವನ್ನು ಸಾಮಾನ್ಯವಾಗಿ ಎರಡು ಲೋಹಗಳ ಇತಿಹಾಸವೆಂದೇ ಬರೆಯಲಾಗಿದೆ. ಆ ಎರಡರ ನಡುವೆ ಇರುವುದಕ್ಕೆ ಸಿಕ್ಕಿರುವ ಜಾಗ ಕಡಿಮೆ.

ಆರಂಭದ ಅಧ್ಯಾಯ ಎಲ್ಲರಿಗೂ ಗೊತ್ತಿರುವಂಥದ್ದು. ಇಟಲಿಯ ಗ್ಯಾಲ್ವಾನಿ 1791ರಲ್ಲಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿದ; 1800ರಲ್ಲಿ ವೋಲ್ಟಾ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟನ್ನಿಟ್ಟು ಮೊದಲ ಬ್ಯಾಟರಿ ಕಟ್ಟಿದ. ಎರಡು ಲೋಹಗಳು ಒಂದಕ್ಕೊಂದು ತಾಗುವುದೇ ಪ್ರವಾಹಕ್ಕೆ ಕಾರಣ, ಒದ್ದೆ ರಟ್ಟು ಬರಿಯ ವಾಹಕ ಎಂಬುದು ಅವನ ನಂಬಿಕೆ. ಶಕ್ತಿ ಬರುವುದು ರಾಸಾಯನಿಕ ಕ್ರಿಯೆಯಿಂದ ಎಂದು ಫ್ಯಾರಡೆ ಆಮೇಲೆ ಪಟ್ಟುಹಿಡಿದು ವಾದಿಸಿದ. ಆನೋಡ್, ಕ್ಯಾಥೋಡ್, ಅಯಾನು ಎಂಬ ಹೆಸರುಗಳನ್ನು 1834ರಲ್ಲಿ ಬಳಕೆಗೆ ತಂದವನೂ ಅವನೇ.

ಕೊಡುವ ಮತ್ತು ಪಡೆಯುವ ಜಾಗಗಳನ್ನು ಬೇರ್ಪಡಿಸುವ ವ್ಯವಸ್ಥೆ ಮೊದಲ ಸಲ ಸ್ಪಷ್ಟವಾಗಿ ಕಾಣುವುದು ಲಂಡನ್ನಿನ ಡೇನಿಯಲ್ 1836ರಲ್ಲಿ ಕಟ್ಟಿದ ಕೋಶದಲ್ಲಿ. ವೋಲ್ಟಾನ ಬ್ಯಾಟರಿಯಲ್ಲಿ ತಾಮ್ರದ ಮೇಲೆ ಹೈಡ್ರೊಜನ್ ಗುಳ್ಳೆಗಳು ಕವಿದು ಪ್ರವಾಹ ಬೇಗ ಸೊರಗುತ್ತಿತ್ತು. ಡೇನಿಯಲ್ ತಾಮ್ರದ ಸುತ್ತ ಮೈಲುತುತ್ತದ ದ್ರಾವಣ ಇಟ್ಟ. ಗುಳ್ಳೆಗಳ ಬದಲು ತಾಮ್ರವೇ ಅಲ್ಲಿ ಕೂರತೊಡಗಿತು. ಆದರೆ ಆ ದ್ರಾವಣ ಸತುವನ್ನು ಮುಟ್ಟಬಾರದು. ಅದಕ್ಕಾಗಿ ಅವನು ಎತ್ತಿನ ಅನ್ನನಾಳದ ಪೊರೆಯನ್ನು ಅಡ್ಡ ಇಟ್ಟ, ಮುಂದೆ ಆ ಜಾಗಕ್ಕೆ ಸುಟ್ಟ ಮಣ್ಣಿನ ರಂಧ್ರಮಯ ಕುಡಿಕೆ ಬಂತು. ಇಂದಿನ ಪಠ್ಯಪುಸ್ತಕಗಳು ಡೇನಿಯಲ್ ಕೋಶವೆಂದು ಹೆಸರಿಸಿ, ಎರಡು ಬೀಕರುಗಳನ್ನೂ ಅವುಗಳ ಮೇಲೆ ಕವುಚಿದ, ಲವಣ ಸೇತುವೆಯೆಂಬ U ಆಕಾರದ ನಳಿಗೆಯನ್ನೂ ಚಿತ್ರಿಸುತ್ತವೆ. ಡೇನಿಯಲ್ ಅಂಥದ್ದನ್ನು ಕಟ್ಟಿರಲಿಲ್ಲ.

ಸತು ಇರುವ ಕಡೆ ಲೋಹದ ಪರಮಾಣುಗಳು ಅಯಾನುಗಳಾಗಿ ನೀರಿಗಿಳಿಯುತ್ತವೆ, ಎಲೆಕ್ಟ್ರಾನುಗಳು ಲೋಹದಲ್ಲೇ ಉಳಿಯುತ್ತವೆ. ಇದು ಉತ್ಕರ್ಷಣ, ಉತ್ಕರ್ಷಣ ನಡೆಯುವ ವಿದ್ಯುದ್ವಾರವೇ ಆನೋಡ್. ಎಲೆಕ್ಟ್ರಾನುಗಳು ಇಲ್ಲಿ ಉಳಿಯುವುದರಿಂದ ಗ್ಯಾಲ್ವಾನಿಕ್ ಕೋಶದ ಆನೋಡ್ ಋಣಧ್ರುವವಾಗಿರುತ್ತದೆ. ತಂತಿಯಲ್ಲಿ ಬಂದ ಎಲೆಕ್ಟ್ರಾನುಗಳನ್ನು ತಾಮ್ರದ ಮೇಲ್ಮೈಯಲ್ಲಿ ತಾಮ್ರದ ಅಯಾನುಗಳು ಪಡೆದು ಲೋಹವಾಗುತ್ತವೆ. ಇದು ಅಪಕರ್ಷಣ, ಅದರ ತಾಣ ಕ್ಯಾಥೋಡ್. ವಿದ್ಯುದ್ವಿಭಜನೆಯ ಕೋಶದಲ್ಲಿ ಧನ, ಋಣ ಚಿಹ್ನೆಗಳು ತಿರುವುಮುರುವಾಗುತ್ತವೆ. ಉತ್ಕರ್ಷಣ ಮಾತ್ರ ಅಲ್ಲಿಯೂ ಆನೋಡಿನಲ್ಲೇ. ಚಿಹ್ನೆಯನ್ನು ಉರು ಹೊಡೆದವರು ಎಡವುವುದು ಇಲ್ಲಿಯೇ. ಎರಡೂ ದ್ರಾವಣಗಳು ಒಂದು ಮೋಲಾರ್ ಇದ್ದಾಗ ಕೋಶದ ವಿಭವ ಸುಮಾರು 1.10 ವೋಲ್ಟ್. ಅದರಂತೆ 65 ಗ್ರಾಂ ಸತುವಿನಿಂದ ಗರಿಷ್ಠ 212 ಕಿಲೋಜೌಲ್ ವಿದ್ಯುತ್ ಕೆಲಸ ಪಡೆಯಬಹುದು.

ಎರಡು ದ್ರಾವಣಗಳನ್ನು ಬೇರೆಬೇರೆ ಬೀಕರಿನಲ್ಲಿಟ್ಟು ತಂತಿಯಿಂದ ಮಾತ್ರ ಜೋಡಿಸಿದರೆ ಏನಾಗುತ್ತದೆ? ಸತುವಿನ ಬೀಕರಿನಲ್ಲಿ ಧನ ಆವೇಶ, ತಾಮ್ರದ ಬೀಕರಿನಲ್ಲಿ ಋಣ ಆವೇಶ ಹೆಚ್ಚಾಗುತ್ತದೆ. ಹತ್ತಿರ ಹತ್ತಿರ ಇಟ್ಟ ಎರಡು ಬೀಕರುಗಳ ಧಾರಕತೆ ಕೆಲವೇ ಪಿಕೊಫ್ಯಾರಡ್. ಹೀಗಾಗಿ ಕೆಲವು ಕೋಟಿ ಎಲೆಕ್ಟ್ರಾನುಗಳು ದಾಟುವಷ್ಟರಲ್ಲಿ 1.1 ವೋಲ್ಟಿನಷ್ಟು ಎದುರು ವಿಭವ ಬೆಳೆದು ಎಲ್ಲವೂ ನಿಲ್ಲುತ್ತದೆ. ಕೋಟಿ ದೊಡ್ಡ ಸಂಖ್ಯೆಯಂತೆ ಕಂಡರೂ ಅಷ್ಟು ಸತುವನ್ನು ಯಾವ ತಕ್ಕಡಿಯೂ ತೂಗಲಾರದು. ಲವಣ ಸೇತುವೆ ಇದ್ದರೆ ಅದರೊಳಗಿನ ಕ್ಲೋರೈಡ್ ಅಯಾನುಗಳು ಸತುವಿನ ಕಡೆಗೂ ಪೊಟ್ಯಾಸಿಯಂ ಅಯಾನುಗಳು ತಾಮ್ರದ ಕಡೆಗೂ ಸರಿದು, ಹುಟ್ಟಿದ ಆವೇಶವನ್ನು ಆಗಿಂದಾಗಲೇ ತೀರಿಸುತ್ತವೆ. ಸೇತುವೆಯಲ್ಲಿ ಎಲೆಕ್ಟ್ರಾನುಗಳು ಹರಿಯುವುದಿಲ್ಲ. ಹರಿಯುತ್ತವೆಂಬ ತಪ್ಪು ಕಲ್ಪನೆ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದನ್ನು ಆಸ್ಟ್ರೇಲಿಯಾದ ಗಾರ್ನೆಟ್ ಮತ್ತು ಟ್ರೆಗಸ್ಟ್ 1992ರಲ್ಲಿ ಪ್ರೌಢ ವಿದ್ಯಾರ್ಥಿಗಳ ನಡುವೆ ನಡೆಸಿದ ಅಧ್ಯಯನದಲ್ಲಿ ದಾಖಲಿಸಿದರು. ದ್ವಿತೀಯ ಪಿಯುಸಿ ತರಗತಿಯಲ್ಲಿ ಪಾಠ ಮಾಡಿದವರಿಗೆ ಅದು ಹೊಸ ಸುದ್ದಿಯೇನಲ್ಲ.

ಸೇತುವೆಗೆ ಪೊಟ್ಯಾಸಿಯಂ ಕ್ಲೋರೈಡನ್ನೇ ಆರಿಸಿದ್ದರ ಹಿಂದೆ ದೊಡ್ಡ ಸಿದ್ಧಾಂತವಿದೆ. ಎರಡು ದ್ರಾವಣಗಳು ಕೂಡುವಲ್ಲಿ ವೇಗದ ಅಯಾನುಗಳು ಮುಂದೋಡಿ, ನಿಧಾನದವು ಹಿಂದುಳಿದು ಒಂದು ಸಣ್ಣ ವಿಭವ ಹುಟ್ಟುತ್ತದೆ. ನೆರ್ನ್ಸ್ಟ್ ಮತ್ತು ಪ್ಲ್ಯಾಂಕ್ 1890ರ ಆಸುಪಾಸಿನಲ್ಲಿ, ಹೆಂಡರ್ಸನ್ 1907ರಲ್ಲಿ ಇದನ್ನು ಲೆಕ್ಕಕ್ಕೆ ತಂದರು. ನೀರಿನಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳ ವಾಹಕತೆಗಳು ಕ್ರಮವಾಗಿ 73.5 ಮತ್ತು 76.3, ಎರಡೂ ಬಹುಮಟ್ಟಿಗೆ ಒಂದೇ ವೇಗದವು. ಆದ್ದರಿಂದ ಸಂತೃಪ್ತ ದ್ರಾವಣ ತುಂಬಿದ ಸೇತುವೆ ಈ ಕೂಡುವಿಕೆಯ ವಿಭವವನ್ನು ಕೆಲವು ಮಿಲಿವೋಲ್ಟಿಗೆ ಇಳಿಸುತ್ತದೆ. ಬೆಳ್ಳಿಯ ನೈಟ್ರೇಟ್ ಇದ್ದಲ್ಲಿ ಮಾತ್ರ ಇದು ಒಗ್ಗದು. ಸೇತುವೆಯ ಬಾಯಲ್ಲೇ ಬಿಳಿ ಬೆಳ್ಳಿ ಕ್ಲೋರೈಡ್ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಅಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಬೇಕು.

ಸೇತುವೆಗೂ ರೋಧವಿದೆ ಎಂಬುದು ಪ್ರಯೋಗಶಾಲೆಯಲ್ಲಿ ಮರೆತುಹೋಗುವ ಸಂಗತಿ. 20 ಸೆಂಟಿಮೀಟರ್ ಉದ್ದ, ಆರು ಮಿಲಿಮೀಟರ್ ಒಳವ್ಯಾಸದ ನಳಿಗೆಯಲ್ಲಿ ಸಂತೃಪ್ತ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದರೆ ರೋಧ ಸುಮಾರು 200 ಓಮ್. ಎರಡು ತಂತಿಗಳನ್ನು ನೇರವಾಗಿ ಸೇರಿಸಿದರೂ 1.1 ವೋಲ್ಟಿಗೆ ಐದೂವರೆ ಮಿಲಿಆಂಪಿಯರಿಗಿಂತ ಹೆಚ್ಚು ಬಾರದು. ಟಾರ್ಚ್ ಬಲ್ಬಿಗೆ ಬೇಕಾದ್ದು ಸುಮಾರು 300 ಮಿಲಿಆಂಪಿಯರ್. ವೋಲ್ಟ್‌ಮೀಟರ್ ಪೂರ್ಣ ವಿಭವ ತೋರಿಸುತ್ತಿದ್ದರೂ ಬಲ್ಬು ಉರಿಯದಿರಲು ಇದೇ ಕಾರಣ. ವೋಲ್ಟ್‌ಮೀಟರ್ ಎಳೆಯುವ ಪ್ರವಾಹ ನಗಣ್ಯ. ಅದೇ ಕೋಶದಿಂದ ಒಂದು ಮಿಲಿಆಂಪಿಯರನ್ನು ಹತ್ತು ಗಂಟೆ ಪಡೆದರೆ ಸೇತುವೆಯೊಂದರಲ್ಲೇ 0.2 ವೋಲ್ಟ್ ಖರ್ಚಾಗುತ್ತದೆ. ಆ ಅವಧಿಯಲ್ಲಿ ಸುಮಾರು 12 ಮಿಲಿಗ್ರಾಂ ಸತು ಕರಗುತ್ತದೆ, ಹೆಚ್ಚುಕಡಿಮೆ ಅಷ್ಟೇ ತಾಮ್ರ ಕೂರುತ್ತದೆ. ಸೇತುವೆಯ ನಡುಭಾಗದಲ್ಲಿ ಆವೇಶದ ಅರ್ಧವನ್ನು ಪೊಟ್ಯಾಸಿಯಂ, ಉಳಿದರ್ಧವನ್ನು ಕ್ಲೋರೈಡ್ ಹೊರುತ್ತದೆ. ನಳಿಗೆಯನ್ನು ಗಿಡ್ಡ ಮಾಡಿ ಅಗಲಿಸಿದರೆ ರೋಧ ಇಳಿಯುತ್ತದೆ, ಆದರೆ ದ್ರಾವಣಗಳು ಬೆರೆಯುವುದೂ ಅಷ್ಟೇ ಸುಲಭವಾಗುತ್ತದೆ. ಸತುವಿನ ಮೇಲೆ ಕಪ್ಪು ಲೇಪ ಕಂಡರೆ ತಾಮ್ರದ ಅಯಾನುಗಳು ದಾಟಿ ಬಂದಿವೆ ಎಂದೇ ಅರ್ಥ.

ಇಪ್ಪತ್ತನೆಯ ಶತಮಾನದಲ್ಲಿ ಸಂಶೋಧನೆಯ ಒಲವೆಲ್ಲ ವಿದ್ಯುದ್ವಾರಗಳ ಮೇಲ್ಮೈಯತ್ತ ವಾಲಿತು, ಸೇತುವೆ ಉಪಕರಣದ ಮೂಲೆಗೆ ಸರಿಯಿತು. ಹಾಗಿದ್ದೂ ದಿನನಿತ್ಯ ಅತಿ ಹೆಚ್ಚು ಬಳಕೆಯಾಗುವ ಲವಣ ಸೇತುವೆ ಇರುವುದು ಪಿಎಚ್ ಮೀಟರಿನಲ್ಲಿ, ಉಲ್ಲೇಖ ವಿದ್ಯುದ್ವಾರದ ತುದಿಯ ಪುಟ್ಟ ಪಿಂಗಾಣಿ ಬೆಣೆಯಾಗಿ. ಅದರ ರಂಧ್ರಗಳಲ್ಲಿ ಬೆಳ್ಳಿಯ ಸಲ್ಫೈಡೋ ಪ್ರೋಟೀನೋ ಕಟ್ಟಿಕೊಂಡರೆ ಅಂಕಿ ನಿಲ್ಲದೆ ಮೆಲ್ಲಗೆ ಜಾರುತ್ತದೆ, ದ್ರಾವಣ ಕಲಕಿದರೆ ಬದಲಾಗುತ್ತದೆ. ಇಂಥ ದೋಷ ಕಂಡಾಗ ಬೈಸಿಕೊಳ್ಳುವುದು ಸಾಮಾನ್ಯವಾಗಿ ಗಾಜಿನ ಬಲ್ಬು. ಪರೀಕ್ಷಿಸಿ ನೋಡಿದರೆ ತಪ್ಪು ಬಹುಪಾಲು ಆ ಬೆಣೆಯದ್ದು.

ಜಪಾನಿನ ಕ್ಯೋಟೊದಲ್ಲಿ ಕಾಕಿಯುಚಿ ಮತ್ತು ಸಂಗಡಿಗರು ಈ ಶತಮಾನದ ಮೊದಲ ದಶಕದಲ್ಲಿ ನೀರಿಗೆ ಬೆರೆಯದ ಅಯಾನಿಕ ದ್ರವವನ್ನೇ ಸೇತುವೆಯಾಗಿ ಬಳಸಿ ತೋರಿಸಿದ್ದು, ಈ ಉಪೇಕ್ಷಿತ ಭಾಗದಲ್ಲಿ ದೀರ್ಘಕಾಲದ ಮೇಲೆ ನಡೆದ ನಿಜವಾದ ಹೊಸ ಕೆಲಸ. ಅದು ಪೊಟ್ಯಾಸಿಯಂ ಕ್ಲೋರೈಡನ್ನು ಸೋರಿಸುವುದಿಲ್ಲ, ತೀರಾ ತೆಳು ದ್ರಾವಣಗಳಲ್ಲೂ ಅಂಕಿ ಸ್ಥಿರವಾಗಿರುತ್ತದೆ. ಆದರೂ ಒಂದೇ ಬಗೆಯ ಅಯಾನಿನ ಚಟುವಟಿಕೆಯನ್ನು ಉಷ್ಣಗತಿಶಾಸ್ತ್ರದ ಮೂಲಕ ಬೇರ್ಪಡಿಸಿ ಅಳೆಯಲಾಗದು ಎಂದು 1929ರಲ್ಲಿ ಗುಗೆನ್‌ಹೈಮ್ ಎತ್ತಿದ ಆಕ್ಷೇಪಕ್ಕೆ ಯಾವ ಸೇತುವೆಯೂ ಇನ್ನೂ ಉತ್ತರ ಕೊಟ್ಟಿಲ್ಲ.